ಪಿವಟ್ ಟೇಬಲ್ ತಾರೀಖು ಗ್ರೂಪ್ ಮಾಡ್ತಿಲ್ವಾ? ಸರಿಯಾಗಿ ಕಾಣೋ ತಾರೀಖುಗಳನ್ನ ಮೊದಲು ಅನುಮಾನಿಸಿ

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡೀಲಿ ಅಕೌಂಟ್ಸ್ ನೋಡ್ಕೋತೀನಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ 2024ರ ಏಪ್ರಿಲ್, ಮೇ, ಜೂನ್ ಸೇಲ್ಸ್‌ನ ಸಿಎಸ್‌ವಿ ಫೈಲ್ ಇಳಿಸ್ಕೊಂಡು ಪಿವಟ್ ಮಾಡಿದೆ. ತಿಂಗಳ ಪ್ರಕಾರ ಗ್ರೂಪ್ ಮಾಡೋಕೆ ಹೋದ್ರೆ Cannot group that selection ಅಂತ ಬರ್ತಿದೆ. ಬಿಲ್ ಡೇಟ್ ಕಾಲಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತಾರೀಖು ಎಡಗಡೆಗೆ ನಿಂತಿವೆ, ಮಿಕ್ಕಿದ್ದು ಬಲಗಡೆ, ನಾಲ್ಕೈದು ಸೆಲ್ ಖಾಲಿನೂ ಇವೆ. Format Cells‌ಗೆ ಹೋಗಿ Date ಅಂತ ಕೊಟ್ಟೆ, ಏನೂ ಬದಲಾಗ್ಲಿಲ್ಲ. ಹಳೆ ಕಂಪ್ಯೂಟರ್‌ನಲ್ಲಿ ಇದೇ ಕೆಲಸ ಸಲೀಸಾಗಿ ಆಗ್ತಿತ್ತು, ಹೊಸ ಲ್ಯಾಪ್‌ಟಾಪ್ ಬಂದ್ಮೇಲೆ ಶುರುವಾಗಿದೆ. ಎಡಗಡೆ ಇರೋದನ್ನೆಲ್ಲ ಒಂದೊಂದೇ ಟೈಪ್ ಮಾಡಿ ಸರಿ ಮಾಡ್ಲಾ?

ಉತ್ತರ: ಬೇಡ, ದಯವಿಟ್ಟು ಒಂದನ್ನೂ ಟೈಪ್ ಮಾಡ್ಬೇಡಿ. ನೀವು ಹೇಳಿರೋ ಮೂರು ವಿಷಯ ಒಟ್ಟಿಗೆ ಇಟ್ಟು ನೋಡಿದ್ರೆ, ಅಂದ್ರೆ ಹೊಸ ಲ್ಯಾಪ್‌ಟಾಪ್, ಸಿಎಸ್‌ವಿ ಫೈಲ್, ಅರ್ಧಕ್ಕಿಂತ ಜಾಸ್ತಿ ಎಡಗಡೆ, ನನಗೆ ಎಡಗಡೆ ಇರೋ ತಾರೀಖುಗಳ ಬಗ್ಗೆ ಅಷ್ಟು ಚಿಂತೆ ಇಲ್ಲ. ಅವು ನಿಮ್ಮ ಸಾಫ್ಟ್‌ವೇರ್ ಕೊಟ್ಟ ಹಾಗೇ ಇವೆ, ಹಾಳಾಗಿಲ್ಲ. ಬಲಗಡೆ ನೀಟಾಗಿ ನಿಂತಿವೆಯಲ್ಲ, ಅವೇ ಹೆಚ್ಚುಕಮ್ಮಿ ಎಲ್ಲಾ ತಪ್ಪಾಗಿರೋ ಸಾಧ್ಯತೆ ಜಾಸ್ತಿ. ಎಡಗಡೆದ್ದನ್ನ ಮಾತ್ರ ರಿಪೇರಿ ಮಾಡಿದ್ರೆ ಎರರ್ ಹೋಗುತ್ತೆ, ಪಿವಟ್ ಗ್ರೂಪ್ ಆಗುತ್ತೆ, ರಿಪೋರ್ಟ್ ತಪ್ಪಾಗಿ ಬರುತ್ತೆ, ಆಮೇಲೆ ಯಾರಿಗೂ ಗೊತ್ತಾಗಲ್ಲ.

ಮೊದಲು Format Cells ಯಾಕೆ ಕೆಲಸ ಮಾಡ್ಲಿಲ್ಲ ಅನ್ನೋದು ನೋಡೋಣ, ಯಾಕಂದ್ರೆ ನನ್ನ ಹತ್ರ ಬರೋರಲ್ಲಿ ಬಹಳ ಜನ ಮೊದಲು ಕೈ ಹಾಕೋದೇ ಅಲ್ಲಿಗೆ. ಎಕ್ಸೆಲ್‌ಗೆ ತಾರೀಖು ಅನ್ನೋದು ಒಂದು ನಂಬರ್ ಅಷ್ಟೇ. 1900ರ ಜನವರಿ 1ಕ್ಕೆ ನಂಬರ್ 1, ಅಲ್ಲಿಂದ ದಿನಕ್ಕೊಂದು ಜಾಸ್ತಿ ಆಗ್ತಾ ಬಂದು 2024ರ ಏಪ್ರಿಲ್ 3ಕ್ಕೆ 45385 ಆಗುತ್ತೆ. ಸೆಲ್ ಒಳಗೆ ಇರೋದು 45385, ಅದನ್ನ 03-04-2024 ಅಂತ ತೋರಿಸ್ಬೇಕಾ, 3-Apr-24 ಅಂತ ತೋರಿಸ್ಬೇಕಾ ಅನ್ನೋದನ್ನ ಮಾತ್ರ ಫಾರ್ಮ್ಯಾಟ್ ಹೇಳುತ್ತೆ. ನಿಮ್ಮ ಎಡಗಡೆ ಸೆಲ್‌ಗಳ ಒಳಗೆ ನಂಬರೇ ಇಲ್ಲ, "13-04-2024" ಅನ್ನೋ ಹತ್ತು ಅಕ್ಷರ ಇದೆ, ಅದು ಎಕ್ಸೆಲ್ ಪಾಲಿಗೆ ಗಿರಾಕಿ ಹೆಸರು ಇದ್ದ ಹಾಗೆ, ಬರೀ ಟೆಕ್ಸ್ಟ್. ಟೆಕ್ಸ್ಟ್ ಮೇಲೆ ಯಾವ ಡೇಟ್ ಫಾರ್ಮ್ಯಾಟ್ ಹೇರಿದ್ರೂ ಅದು ಟೆಕ್ಸ್ಟೇ. ಪರೀಕ್ಷೆ ಮಾಡ್ಬೇಕು ಅಂದ್ರೆ ಕಾಲಮ್ ಪೂರ್ತಿ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್‌ನ General ಮಾಡಿ ನೋಡಿ: ನಿಜವಾದ ತಾರೀಖುಗಳೆಲ್ಲ ಐದಂಕಿ ನಂಬರ್ ಆಗಿಬಿಡ್ತವೆ, ಟೆಕ್ಸ್ಟ್ ಮಾತ್ರ ಅಲ್ಲಾಡಲ್ಲ. ನೋಡಿದ್ಮೇಲೆ Ctrl+Z ಒತ್ತಿ ವಾಪಸ್ ಬನ್ನಿ. ಎಡಗಡೆ ಬಲಗಡೆ ನೋಡಿ ಹೇಳೋದಕ್ಕಿಂತ ಇದು ಗಟ್ಟಿ ಪರೀಕ್ಷೆ, ಯಾಕಂದ್ರೆ ಯಾರೋ ಅಲೈನ್‌ಮೆಂಟ್ ಸೆಂಟರ್ ಮಾಡಿಟ್ಟಿದ್ರೆ ಎಡ ಬಲದ ಸುಳಿವೇ ಇರಲ್ಲ.

ಪಿವಟ್‌ನ ತಕರಾರು ಇಷ್ಟೇ. ತಿಂಗಳ ಪ್ರಕಾರ ಗುಂಪು ಮಾಡೋಕೆ ಅದಕ್ಕೆ ನಂಬರ್ ಬೇಕು, ಆ ಕಾಲಮ್‌ನಲ್ಲಿ ಟೆಕ್ಸ್ಟ್ ಸಿಕ್ಕಿದ್ರೆ ಈ ಫೀಲ್ಡ್ ತಾರೀಖಿಂದಲ್ಲ ಅಂತ ತೀರ್ಮಾನ ಮಾಡಿ ಕೈ ಚೆಲ್ಲಿಬಿಡುತ್ತೆ. ಸಾವಿರ ಸಾಲಲ್ಲಿ ಒಂದೇ ಒಂದು ಸೆಲ್‌ನಲ್ಲಿ "NA" ಅಂತಿದ್ರೂ ಈ ಗಲಾಟೆ ಆಗಬಹುದು. ಎಕ್ಸೆಲ್ 2016 ಆಮೇಲಿನ ವರ್ಷನ್‌ಗಳಲ್ಲಿ ಒಂದು ಸುಳಿವು ಮೊದಲೇ ಸಿಗುತ್ತೆ: ಶುದ್ಧ ತಾರೀಖಿನ ಫೀಲ್ಡ್‌ನ Rows‌ಗೆ ಎಳೆದು ಹಾಕಿದ ಕೂಡ್ಲೆ, ಯಾರೂ ಆ ಸೆಟ್ಟಿಂಗ್ ಆಫ್ ಮಾಡಿಲ್ಲ ಅಂದ್ರೆ, ಅದು ತಾನಾಗೇ ತಿಂಗಳ ಗುಂಪು ಮಾಡಿ ತೋರಿಸುತ್ತೆ. ಹಾಗೆ ಮಾಡದೆ ಒಂದೊಂದು ದಿನವನ್ನೂ ಉದ್ದಕ್ಕೆ ಸುರಿದುಬಿಟ್ರೆ ಕಾಲಮ್‌ನಲ್ಲಿ ಏನೋ ಕಲಬೆರಕೆ ಇದೆ ಅಂತಾನೇ ಲೆಕ್ಕ.

ಈಗ ಅಸಲಿ ವಿಷಯ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಎಷ್ಟೋ ಸಲ English (United States) ಅಂತಲೇ ಉಳಿದಿರುತ್ತೆ, ಸೆಟಪ್ ಮಾಡೋವಾಗ ಎಲ್ಲರೂ Next Next ಒತ್ತಿಬಿಡ್ತಾರೆ. ಅಮೆರಿಕದ ಲೆಕ್ಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮ ಪದ್ಧತಿ ಪ್ರಕಾರ ದಿನ ಮೊದಲು ಬರೆದಿದೆ. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ನಿಮ್ಮನ್ನ ಏನೂ ಕೇಳಲ್ಲ, ವಿಂಡೋಸ್ ಹೇಳಿದ ಪದ್ಧತೀಲೇ ಪ್ರತಿ ತಾರೀಖನ್ನೂ ಓದುತ್ತೆ. 03-04-2024 ಕಂಡ್ರೆ ಮೂರನೇ ತಿಂಗಳು ನಾಲ್ಕನೇ ದಿನ, ಅಂದ್ರೆ ಮಾರ್ಚ್ 4 ಅಂತ ಓದಿ ಒಳಗೆ 45355 ಅಂತ ಬರ್ಕೊಳ್ಳುತ್ತೆ, ಸರಿಯಾಗಿ ಮೂವತ್ತು ದಿನ ಹಿಂದಕ್ಕೆ ಹೋಯ್ತು. 13-04-2024 ಕಂಡಾಗ ಹದಿಮೂರನೇ ತಿಂಗಳು ಅನ್ನೋದೇ ಇಲ್ವಲ್ಲ, ಹಾಗಾಗಿ ಇದು ತಾರೀಖೇ ಅಲ್ಲ ಅಂತ ಟೆಕ್ಸ್ಟ್ ಆಗಿ ಬಿಟ್ಟುಬಿಡುತ್ತೆ. ಅಂದ್ರೆ ಒಂದರಿಂದ ಹನ್ನೆರಡನೇ ತಾರೀಖಿನವರೆಗಿನ ಬಿಲ್‌ಗಳು ಬಲಗಡೆ, ಹದಿಮೂರರಿಂದ ತಿಂಗಳ ಕೊನೆವರೆಗಿನವು ಎಡಗಡೆ. ನಿಮ್ಮ ಕಣ್ಣಿಗೆ ಇದು ಯಾಕೆ ಬೀಳ್ಲಿಲ್ಲ ಅಂದ್ರೆ, ಆ ಮಾರ್ಚ್ 4ನ್ನ ಎಕ್ಸೆಲ್ ಸ್ಕ್ರೀನ್ ಮೇಲೆ ತೋರಿಸೋದು 3/4/2024 ಅಂತ, ನಾವು ಅದನ್ನ ನೋಡಿದ ತಕ್ಷಣ ಏಪ್ರಿಲ್ ಮೂರು ಅಂತ ಓದ್ಕೋತೀವಿ, ಎಲ್ಲಾ ಸರಿ ಇದೆ ಅನ್ಸುತ್ತೆ. ಇನ್ನೊಂದು ಸಲ ಹತ್ತಿರದಿಂದ ನೋಡಿ, ಎಡಗಡೆ ಸೆಲ್‌ಗಳಲ್ಲಿ ಅಡ್ಡಗೆರೆ ಹಾಗೇ ಉಳಿದಿರುತ್ತೆ, ಬಲಗಡೆದ್ರಲ್ಲಿ ಓರೆಗೆರೆ ಬಂದಿರುತ್ತೆ, ಮುಂದಿನ ಸೊನ್ನೆನೂ ಮಾಯ ಆಗಿರುತ್ತೆ. ಒಂದೇ ಸಾಫ್ಟ್‌ವೇರ್ ಒಂದೇ ಕಾಲಮ್‌ನಲ್ಲಿ ಎರಡು ಥರ ಬರೆಯಲ್ಲ, ಬಲಗಡೆದನ್ನ ಎಕ್ಸೆಲ್ ಮುಟ್ಟಿದೆ ಅನ್ನೋದಕ್ಕೆ ಇದೇ ಸಾಕ್ಷಿ.

ಲೆಕ್ಕ ಹಾಕಿ ನೋಡಿ, ನೀವು ಬರೆದಿರೋ ಅರ್ಧಕ್ಕಿಂತ ಜಾಸ್ತಿಗೂ ಇದು ಹೊಂದುತ್ತೆ. ಏಪ್ರಿಲ್, ಮೇ, ಜೂನ್ ಸೇರಿ 91 ದಿನ. ತಿಂಗಳಿಗೆ ಹನ್ನೆರಡರಂತೆ 36 ದಿನದ ತಾರೀಖು ಬಲಗಡೆಗೆ, ಮಿಕ್ಕ 55 ದಿನದ್ದು ಎಡಗಡೆಗೆ. ಆ 36ರಲ್ಲಿ ಸರಿಯಾಗಿ ಉಳಿಯೋದು ಮೂರೇ ಮೂರು, 04-04, 05-05, 06-06, ಯಾಕಂದ್ರೆ ತಿರುಗಿಸಿದ್ರೂ ಅವು ಅವೇ. ಉಳಿದ 33 ದಿನದ ವ್ಯಾಪಾರ ಬೇರೆ ಬೇರೆ ತಾರೀಖಿಗೆ ಹೋಗಿ ಕೂತಿದೆ.

ನನ್ನ ಮಾತು ನಂಬೋಕೆ ಮುಂಚೆ ನಿಮ್ಮ ಫೈಲ್‌ನಲ್ಲೇ ನೋಡ್ಕೊಳ್ಳಿ, ಫಾರ್ಮುಲಾ ಏನೂ ಬೇಡ. ಬಿಲ್ ಡೇಟ್ ಕಾಲಮ್‌ಗೆ ಫಿಲ್ಟರ್ ಹಾಕಿ ಆ ಬಾಣದ ಗುರುತು ಒತ್ತಿ. ನಿಜವಾದ ತಾರೀಖುಗಳು 2024 ಅನ್ನೋ ವರ್ಷದ ಕೆಳಗೆ ಸೇರ್ಕೊಂಡಿರ್ತವೆ, ಪಕ್ಕದಲ್ಲಿ ಪ್ಲಸ್ ಗುರುತು ಇರುತ್ತೆ, ಟೆಕ್ಸ್ಟ್ ಆಗಿರೋವು ಅದರ ಕೆಳಗೆ ಒಂದೊಂದಾಗಿ ಸಾಲಾಗಿ ಇರ್ತವೆ, ಖಾಲಿ ಇದ್ರೆ ತಳದಲ್ಲಿ (Blanks) ಅಂತ ಕಾಣುತ್ತೆ. ಆ ಪ್ಲಸ್ ಒತ್ತಿ ಬಿಡಿಸಿ. ನೀವು ಇಳಿಸಿದ್ದು ಮೂರು ತಿಂಗಳ ಡೇಟಾ, ಆದ್ರೆ ಅಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡೂ ತಿಂಗಳು ಕಂಡ್ರೆ, ಪ್ರತಿ ತಿಂಗಳ ಒಳಗೂ ಬರೀ 4, 5, 6 ಅನ್ನೋ ದಿನಗಳೇ ಇದ್ರೆ, ಮುಗೀತು, ತಿರುಗಿರೋದು ಖಾತ್ರಿ. ಆ 4, 5, 6 ನಿಮ್ಮ ಏಪ್ರಿಲ್, ಮೇ, ಜೂನ್ ತಿಂಗಳುಗಳೇ, ದಿನದ ಜಾಗಕ್ಕೆ ಬಂದು ಕೂತಿವೆ. ಹಾಗಿಲ್ಲದೆ ಏಪ್ರಿಲ್, ಮೇ, ಜೂನ್ ಮೂರೇ ಕಂಡು, ಒಳಗೆ 1ರಿಂದ 30ರವರೆಗೆ ದಿನಗಳಿದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಆಗ ತೊಂದರೆ ಟೆಕ್ಸ್ಟ್ ಸೆಲ್‌ಗಳದ್ದು ಮಾತ್ರ.

ತಿರುಗಿದೆ ಅಂತಲೇ ಇಟ್ಕೊಳ್ಳಿ, ಎಡಗಡೆದ್ದನ್ನ ಮಾತ್ರ ಟೈಪ್ ಮಾಡಿ ಸರಿ ಮಾಡಿದ್ರೆ ಏನಾಗ್ತಿತ್ತು? ಪಿವಟ್ ಗ್ರೂಪ್ ಆಗ್ತಿತ್ತು. ಏಪ್ರಿಲ್ ಮೊತ್ತದಲ್ಲಿ 13ರಿಂದ 30ರವರೆಗಿನ ವ್ಯಾಪಾರ ಸರಿಯಾಗಿ ಬರ್ತಿತ್ತು, ಅದರ ಜೊತೆ ಏಪ್ರಿಲ್ 4, ಮೇ 4, ಜೂನ್ 4ರ ಮೂರು ದಿನದ್ದು ಸೇರ್ತಿತ್ತು, ಏಪ್ರಿಲ್‌ನ ಮೊದಲ ಹನ್ನೆರಡು ದಿನದಲ್ಲಿ ಹನ್ನೊಂದು ದಿನದ್ದು ಬೇರೆ ತಿಂಗಳುಗಳಿಗೆ ಹಂಚಿ ಹೋಗಿರ್ತಿತ್ತು. ಗ್ರ್ಯಾಂಡ್ ಟೋಟಲ್ ಮಾತ್ರ ಪೈಸೆ ಬಿಡದೆ ತಾಳೆ ಆಗ್ತಿತ್ತು, ಅದಕ್ಕೇ ಇದು ಸಿಕ್ಕಿಹಾಕ್ಕೊಳ್ಳಲ್ಲ. ಹೊಸ ಡೇಟಾ ಆಗಿದ್ರೆ ಡಿಸೆಂಬರ್ ಯಾಕಪ್ಪ ಬಂತು ಅಂತಾದ್ರೂ ಅನುಮಾನ ಬರುತ್ತೆ, ವರ್ಷಪೂರ್ತಿ ಡೇಟಾ ಇಟ್ಕೊಂಡು ಇದೇ ಕೆಲಸ ಮಾಡಿದ್ರೆ ಆ ಅನುಮಾನಕ್ಕೂ ಜಾಗ ಇಲ್ಲ, ಎಲ್ಲಾ ತಿಂಗಳಲ್ಲೂ ಒಂದಷ್ಟು ಮೊತ್ತ ಇರುತ್ತೆ, ನೋಡೋಕೆ ಸಹಜವಾಗಿರುತ್ತೆ. ಆಡಿಟರ್ ಹತ್ರ ಹೋಗಿ ತಿಂಗಳವಾರು ಜಿಎಸ್‌ಟಿ ಲೆಕ್ಕದ ಜೊತೆ ಹೋಲಿಸಿದಾಗಷ್ಟೇ ಜಗಳ ಶುರುವಾಗೋದು.

ಇಂಟರ್‌ನೆಟ್‌ನಲ್ಲಿ ಸಿಗೋ ಸಲಹೆಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಎಡವೋದು. DATEVALUE ಹಾಕಿ, ಇಲ್ಲಾ ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ Paste Special‌ನಲ್ಲಿ Multiply ಕೊಡಿ, ಇಲ್ಲಾ 1ರಿಂದ ಗುಣಿಸಿ ಅಂತಾರೆ. ಇವೆಲ್ಲಾ ಒಂದೇ ಗಿರಣಿ, ಎಲ್ಲವೂ ವಿಂಡೋಸ್‌ನ ರೀಜನ್ ಕೇಳ್ಕೊಂಡೇ ತಾರೀಖು ಓದೋದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ DATEVALUE ಅನ್ನ "13-04-2024"ಕ್ಕೆ ಹಾಕಿದ್ರೆ #VALUE! ಅನ್ನುತ್ತೆ, ಎಕ್ಸೆಲ್ ಮೊದಲ ಸಲ ಯಾಕೆ ಓದೋಕೆ ಆಗ್ಲಿಲ್ವೋ ಅದೇ ಕಾರಣ. ಅದರ ಮೇಲೆ IFERROR ಮುಚ್ಚಿ ಖಾಲಿ ಮಾಡಿದ್ರಂತೂ ತಿಂಗಳ ಎರಡನೇ ಅರ್ಧದ ತಾರೀಖೇ ಇಲ್ಲದಂತಾಗುತ್ತೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಇವು ಕೆಲಸ ಮಾಡಿರಬಹುದು, ಅವರದ್ದು ರೀಜನ್ ಸರಿಯಿದ್ದು ಸ್ಪೇಸ್‌ನಿಂದಲೋ ಮುಂದಿನ ಸಿಂಗಲ್ ಕೋಟ್‌ನಿಂದಲೋ ಟೆಕ್ಸ್ಟ್ ಆಗಿದ್ದಿರುತ್ತೆ, ನಿಮ್ಮ ಕಾಯಿಲೆ ಬೇರೆ.

ಹಾಗಾದ್ರೆ ಏನ್ಮಾಡ್ಬೇಕು. ನನ್ನ ಮೊದಲ ಆಯ್ಕೆ, ಈಗಿರೋ ಶೀಟ್‌ನ ರಿಪೇರಿ ಮಾಡೋದೇ ಬೇಡ, ಫೈಲ್‌ನ ಮತ್ತೆ ತನ್ನಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹೊಸದಾಗಿ ಸಿಎಸ್‌ವಿ ಇಳಿಸ್ಕೊಳ್ಳಿ. ಹಳೇ ಸಿಎಸ್‌ವಿನೇ ಇದೆಯಲ್ಲ ಅನ್ಬೇಡಿ, ಅದನ್ನ ಎಕ್ಸೆಲ್‌ನಲ್ಲಿ ತೆರೆದು ಒಂದು ಸಲ ಸೇವ್ ಒತ್ತಿದ್ರೂ ಸಾಕು, ತಿರುಗಿದ ತಾರೀಖುಗಳು 3/4/2024 ಅನ್ನೋ ರೂಪದಲ್ಲೇ ಫೈಲ್ ಒಳಗೆ ಬರೆದು ಹೋಗಿರ್ತವೆ, ಒರಿಜಿನಲ್ ಉಳಿದಿರಲ್ಲ. ಅನುಮಾನ ಇದ್ರೆ ಸಿಎಸ್‌ವಿನ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಎಲ್ಲಾ ತಾರೀಖು ಅಡ್ಡಗೆರೆ ಸಮೇತ ಒಂದೇ ಥರ ಇದ್ರೆ ಫೈಲ್ ಶುದ್ಧ.

ಹೊಸ ಫೈಲ್ ಬಂದ್ಮೇಲೆ ಡಬಲ್ ಕ್ಲಿಕ್ ಮಾಡ್ಬೇಡಿ. ಖಾಲಿ ವರ್ಕ್‌ಬುಕ್ ತೆರೆದು Data ಟ್ಯಾಬ್‌ನಲ್ಲಿ From Text/CSV ಒತ್ತಿ ಫೈಲ್ ಆರಿಸಿ, ಮುನ್ನೋಟ ಬಂದಾಗ Load ಅಲ್ಲ, Transform Data ಒತ್ತಿ. ಪವರ್ ಕ್ವೆರಿ ಕಿಟಕಿ ತೆರ್ಕೊಳ್ಳುತ್ತೆ. ಬಲಗಡೆ ಹಂತಗಳ ಪಟ್ಟೀಲಿ Changed Type ಅಂತ ಒಂದು ಇರುತ್ತೆ, ಅದು ಎಕ್ಸೆಲ್ ತಾನೇ ಊಹೆ ಮಾಡಿ ಸೇರಿಸಿದ್ದು, ಪಕ್ಕದ ಇಂಟು ಗುರುತು ಒತ್ತಿ ಅದನ್ನ ಅಳಿಸಿ. ಈಗ ಬಿಲ್ ಡೇಟ್ ಕಾಲಮ್‌ನ ತಲೆ ಮೇಲೆ ರೈಟ್ ಕ್ಲಿಕ್ ಮಾಡಿ Change Type, ಅದರೊಳಗೆ Using Locale, ಅಲ್ಲಿ ಟೈಪ್ Date, ಲೊಕೇಲ್ English (India) ಅಂತ ಕೊಡಿ. ದಿನ ಮೊದಲು ಅನ್ನೋದನ್ನ ನೀವೇ ಬಾಯಿ ಬಿಟ್ಟು ಹೇಳಿದ ಹಾಗಾಯ್ತು, ವಿಂಡೋಸ್ ಏನಾದ್ರೂ ಅಂದ್ಕೊಳ್ಲಿ. ಮೊತ್ತದ ಕಾಲಮ್‌ಗೂ Decimal Number ಅಂತ ಟೈಪ್ ಕೊಡೋದು ಮರೀಬೇಡಿ, ಇಲ್ಲಾಂದ್ರೆ ಪಿವಟ್ ಕೂಡೋ ಬದಲು ಎಣಿಸೋಕೆ ಶುರು ಮಾಡುತ್ತೆ. ಆಮೇಲೆ Close & Load.

ಈ ದಾರೀಲಿ ನನಗೆ ಇಷ್ಟ ಆಗೋ ವಿಷಯ, ಇದು ಸುಮ್ನೆ ಊಹೆ ಮಾಡಲ್ಲ. ಯಾರೋ 31-06-2024 ಅಂತ ಇಲ್ಲದ ತಾರೀಖು ಬರೆದಿದ್ರೆ ಆ ಸೆಲ್‌ನಲ್ಲಿ Error ಅಂತ ಎದ್ದು ಕಾಣುತ್ತೆ, ಖಾಲಿ ಇದ್ರೆ null ಅಂತ ಕಾಣುತ್ತೆ. Keep Rows ಒಳಗೆ Keep Errors ಕೊಟ್ರೆ ಎರರ್ ಇರೋ ಸಾಲುಗಳಷ್ಟೇ ಉಳಿತವೆ, ಬಿಲ್ ನಂಬರ್ ಬರ್ಕೊಂಡು ಆ ಹಂತ ಅಳಿಸಿ ವಾಪಸ್ ಬರಬಹುದು. ಮುಂದಿನ ತಿಂಗಳ ಫೈಲ್‌ನ ಅದೇ ಹೆಸರಲ್ಲಿ ಅದೇ ಜಾಗದಲ್ಲಿ ಇಟ್ಟು Refresh ಒತ್ತಿದ್ರೆ ಇಷ್ಟೂ ಕೆಲಸ ತಾನಾಗೇ ನಡೆಯುತ್ತೆ. ಪವರ್ ಕ್ವೆರಿ ಎಕ್ಸೆಲ್ 2016ರಿಂದ ಜೊತೇಲೇ ಬರುತ್ತೆ. ಅದಕ್ಕಿಂತ ಹಳೇದಿದ್ರೆ Data ಟ್ಯಾಬ್‌ನ From Text‌ನಲ್ಲಿ ಬರೋ ವಿಝಾರ್ಡ್‌ನ ಮೂರನೇ ಹಂತದಲ್ಲಿ ಆ ಕಾಲಮ್ ಆರಿಸಿ Date: DMY ಅಂತ ಕೊಟ್ರೂ ಕೆಲಸ ಆಗುತ್ತೆ.

ಎರಡನೇ ದಾರಿ, ಕಂಟ್ರೋಲ್ ಪ್ಯಾನೆಲ್‌ನ Region‌ಗೆ ಹೋಗಿ ಫಾರ್ಮ್ಯಾಟ್ English (India) ಮಾಡೋದು. ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಆಗ್ತಿದ್ದಿದ್ದು ಬಹುಶಃ ಇದರಿಂದಲೇ. ಹೇಗಿದ್ರೂ ಇದನ್ನ ಮಾಡಿಬಿಡಿ, ನೀವು ದಿನಾ ಕೈಯಲ್ಲಿ ಟೈಪ್ ಮಾಡೋ ತಾರೀಖುಗಳಿಗೂ ಇದೇ ಸೆಟ್ಟಿಂಗ್ ಲಾಗು, ಇಲ್ಲಾಂದ್ರೆ ನೀವು 5/6 ಅಂತ ಹೊಡೆದಾಗಲೆಲ್ಲ ಅದು ಮೇ ಆರು ಆಗ್ತಿರುತ್ತೆ. ಆದ್ರೆ ಒಂದು ಮಾತು, ಈಗಾಗ್ಲೇ ತಿರುಗಿ ಕೂತಿರೋ 45355 ಇದರಿಂದ 45385 ಆಗಲ್ಲ. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅದೇ ಶೀಟ್ ತೆರೆದ್ರೆ 04-03-2024 ಅಂತ ತೋರಿಸುತ್ತೆ ಅಷ್ಟೇ, ಆಗ ತಪ್ಪು ಮೊದಲ ಸಲ ಕಣ್ಣಿಗೆ ಬೀಳುತ್ತೆ, ಜನ ಸೆಟ್ಟಿಂಗ್ ಬದಲಾಯಿಸಿದ್ದಕ್ಕೇ ಹಾಳಾಯ್ತು ಅಂದ್ಕೊಂಡು ವಾಪಸ್ ಹಾಕ್ತಾರೆ. ಹಾಕ್ಬೇಡಿ.

ಮೂರನೇ ದಾರಿ ಒರಿಜಿನಲ್ ಎಲ್ಲೂ ಸಿಗಲ್ಲ ಅನ್ನೋರಿಗೆ. ಬಿಲ್ ಡೇಟ್ B ಕಾಲಮ್‌ನಲ್ಲಿದೆ ಅಂದ್ಕೊಳ್ಳಿ, ಪಕ್ಕದಲ್ಲಿ ಹೊಸ ಕಾಲಮ್ ಮಾಡಿ ಇದನ್ನ ಹಾಕಿ:

```
=IF(ISNUMBER(B2),DATE(YEAR(B2),DAY(B2),MONTH(B2)),DATE(RIGHT(TRIM(B2),4),MID(TRIM(B2),4,2),LEFT(TRIM(B2),2)))
```

ಸೆಲ್‌ನಲ್ಲಿ ನಂಬರ್ ಇದ್ರೆ ದಿನ ತಿಂಗಳು ಅದಲು ಬದಲು ಮಾಡಿ ವಾಪಸ್ ತಿರುಗಿಸುತ್ತೆ, ಟೆಕ್ಸ್ಟ್ ಇದ್ರೆ ಅಕ್ಷರ ಕತ್ತರಿಸಿ ದಿನ, ತಿಂಗಳು, ವರ್ಷ ತಗೊಂಡು ತಾರೀಖು ಕಟ್ಟುತ್ತೆ. ರೀಜನ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದೇ ಇದರ ಬಲ. ಅಪಾಯ ಎರಡಿದೆ. ಬಲಗಡೆ ಇರೋದು ಎಲ್ಲವೂ ತಿರುಗಿದೆ ಅಂತ ಖಾತ್ರಿ ಇದ್ರೆ ಮಾತ್ರ ಇದನ್ನ ಬಳಸ್ಬೇಕು, ಮಧ್ಯದಲ್ಲಿ ಯಾರೋ ಹತ್ತು ಬಿಲ್‌ನ ಕೈಯಲ್ಲಿ ಸರಿಯಾಗಿ ಹಾಕಿದ್ರೆ ಆ ಹತ್ತನ್ನೂ ಇದು ಕೆಡಿಸುತ್ತೆ, ಯಾವುದು ಯಾವುದು ಅಂತ ಶೀಟ್ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ನೀವು ಎಡಗಡೆದ್ರಲ್ಲಿ ಒಂದಷ್ಟನ್ನ ಈಗಾಗ್ಲೇ ಟೈಪ್ ಮಾಡಿದ್ರೆ ಈ ಫಾರ್ಮುಲಾ ನಿಮಗಲ್ಲ, ಅದಕ್ಕೇ ಶುರುವಲ್ಲೇ ಬೇಡ ಅಂದಿದ್ದು. ಎರಡನೇದು, DATE ಫಂಕ್ಷನ್ ತುಂಬಾ ಉದಾರಿ, 31-06-2024 ಕೊಟ್ರೆ ಗೊಣಗದೆ ಜುಲೈ 1 ಮಾಡಿಕೊಡುತ್ತೆ. ಪವರ್ ಕ್ವೆರಿ ಹಾಗಲ್ಲ, ಅದು ಎರರ್ ಅಂತ ಮುಖಕ್ಕೇ ಹೇಳುತ್ತೆ. ಕೆಲಸ ಮುಗಿದ ಮೇಲೆ ಬಿಲ್ ನಂಬರ್ ಪ್ರಕಾರ ಸಾರ್ಟ್ ಮಾಡಿ ಹೊಸ ತಾರೀಖುಗಳನ್ನ ಮೇಲಿಂದ ಕೆಳಗೆ ನೋಡ್ಕೊಂಡು ಹೋಗಿ, ಬಿಲ್ ನಂಬರ್ ಏರ್ತಾ ಹೋದ ಹಾಗೆ ತಾರೀಖೂ ಏರ್ತಾ ಹೋಗ್ಬೇಕು, ಎಲ್ಲಾದ್ರೂ ಹಿಂದಕ್ಕೆ ಜಿಗಿದ್ರೆ ಅಲ್ಲಿ ತಡೆದು ನಿಲ್ಲಿ.

ಇಷ್ಟಾದ್ರೂ ಒಂದೆರಡು ಸೆಲ್ ಹಠ ಹಿಡಿದು #VALUE! ಅಂದ್ರೆ ಪಕ್ಕದಲ್ಲಿ =LEN(B2) ಹಾಕಿ ನೋಡಿ. 13-04-2024ಕ್ಕೆ 10 ಬರ್ಬೇಕು, 11 ಬಂದ್ರೆ ಕಾಣದ ಒಂದು ಅಕ್ಷರ ಒಳಗೆ ಕೂತಿದೆ. ವೆಬ್ ಪೇಜ್‌ನಿಂದ ಕಾಪಿ ಮಾಡಿದ ಡೇಟಾದಲ್ಲಿ ಇದು ಸಾಮಾನ್ಯ, ಆ ಥರದ ಸ್ಪೇಸ್‌ನ TRIM ತೆಗೆಯಲ್ಲ, SUBSTITUTE(B2,CHAR(160),"") ಅಂತ ಬೇರೆ ತೆಗೀಬೇಕು.

ಇನ್ನು ಖಾಲಿ ಸೆಲ್‌ಗಳ ವಿಚಾರ. ಹಳೇ ವರ್ಷನ್‌ಗಳಲ್ಲಿ ಒಂದು ಖಾಲಿ ಸೆಲ್ ಇದ್ರೂ ಗ್ರೂಪ್ ಆಗ್ತಿರ್ಲಿಲ್ಲ, ಹೊಸದ್ರಲ್ಲಿ ಖಾಲಿಯನ್ನ (blank) ಅಂತ ಪಕ್ಕಕ್ಕಿಟ್ಟು ಮಿಕ್ಕಿದ್ದನ್ನ ಗ್ರೂಪ್ ಮಾಡಿಬಿಡೋದೂ ಉಂಟು. ಅಂಗಡೀಲಿ ಒಬ್ಬರ ಹತ್ರ ಒಂದು ವರ್ಷನ್ ಇನ್ನೊಬ್ಬರ ಹತ್ರ ಇನ್ನೊಂದು ಇದ್ರೆ, ನನ್ನ ಕಂಪ್ಯೂಟರ್‌ನಲ್ಲಿ ಆಗುತ್ತೆ ನಿನ್ನದ್ರಲ್ಲಿ ಆಗಲ್ಲ ಅನ್ನೋ ವಾದ ಶುರುವಾಗೋದು ಹೀಗೆ. ಅದಿರಲಿ, ಮೊದಲು ಆ ಖಾಲಿ ನಿಜವಾಗ್ಲೂ ನಿಮ್ಮ ಡೇಟಾದ್ದಾ ಅಂತ ನೋಡಿ. ಪಿವಟ್ ಮಾಡುವಾಗ A:F ಅಂತ ಪೂರ್ತಿ ಕಾಲಮ್ ಆರಿಸಿಬಿಟ್ರೆ ಡೇಟಾ ಮುಗಿದ ಮೇಲಿನ ಲಕ್ಷಾಂತರ ಖಾಲಿ ಸಾಲುಗಳೂ ಪಿವಟ್ ಒಳಗೆ ಬರ್ತವೆ, ಎಷ್ಟೋ ಜನರ ತೊಂದರೆಗೆ ಕಾರಣ ಬರೀ ಇದೇ. ಡೇಟಾ ಮೇಲೆ ಕ್ಲಿಕ್ ಮಾಡಿ Ctrl+T ಒತ್ತಿ ಟೇಬಲ್ ಮಾಡಿ, ಆ ಟೇಬಲ್ ಹೆಸರಿಂದ ಪಿವಟ್ ಕಟ್ಟಿದ್ರೆ ಸಾಲು ಹೆಚ್ಚಾದ್ರೂ ಅದೇ ಹಿಗ್ಗುತ್ತೆ, ಖಾಲಿ ಸಾಲು ಒಳಗೆ ನುಗ್ಗಲ್ಲ. ಪವರ್ ಕ್ವೆರಿಯಿಂದ ತಂದಿದ್ರೆ ಅದು ಮೊದಲೇ ಟೇಬಲ್ ಆಗಿರುತ್ತೆ.

ನಿಮ್ಮ ನಾಲ್ಕೈದು ಖಾಲಿ ಡೇಟಾ ಮಧ್ಯದಲ್ಲೇ ಇದ್ರೆ ಅವು ಬಹುಶಃ ಕ್ಯಾನ್ಸಲ್ ಆದ ಬಿಲ್ಲೋ ರಿಟರ್ನ್ ಎಂಟ್ರಿಯೋ ಇರ್ಬೇಕು. ಹಿಂದಿನ ಮುಂದಿನ ಬಿಲ್ ನಂಬರ್ ನೋಡಿ ಸಾಫ್ಟ್‌ವೇರ್‌ನಲ್ಲೇ ತೆರೆದು ನಿಜವಾದ ತಾರೀಖು ಹಾಕೋದೇ ಸರಿ, ನಾಲ್ಕೈದು ಬಿಲ್ ತಾನೇ. ಕೆಲವರು ಎರರ್ ಹೋಗ್ಲಿ ಅಂತ ಖಾಲಿಗೆಲ್ಲ 0 ತುಂಬ್ತಾರೆ, ಎಕ್ಸೆಲ್‌ಗೆ 0 ಅಂದ್ರೆ 1900ರ ಕಾಲದ ತಾರೀಖು, ಪಿವಟ್‌ನಲ್ಲಿ 1900 ಅಂತ ಒಂದು ವರ್ಷ ಹುಟ್ಕೊಳ್ಳುತ್ತೆ. ಇನ್ನು ಕೆಲವರು ಮೇಲಿನ ಸಾಲಿನ ತಾರೀಖನ್ನೇ ಕೆಳಕ್ಕೆ ಎಳೀತಾರೆ, ಮೇ ತಿಂಗಳ ಮೊದಲ ಬಿಲ್‌ನಲ್ಲೇ ಖಾಲಿ ಬಿದ್ದಿದ್ರೆ ಆ ಮೇ ಬಿಲ್ ಏಪ್ರಿಲ್‌ಗೆ ಸೇರುತ್ತೆ. ಇನ್ನೊಂದು ಮೋಸ, ಫಾರ್ಮುಲಾ "" ಕೊಟ್ಟಿರೋ ಸೆಲ್ ನೋಡೋಕೆ ಖಾಲಿ, ಒಳಗೆ ಟೆಕ್ಸ್ಟ್, ಪಿವಟ್ ಅದನ್ನ ಖಾಲಿ ಅಂತ ಒಪ್ಪಲ್ಲ.

ತಾರೀಖು ಸಿಗೋದೇ ಇಲ್ಲ, ಆದ್ರೆ ಆ ಮೊತ್ತ ಲೆಕ್ಕದಿಂದ ಬಿಟ್ಟುಹೋಗ್ಬಾರದು ಅಂದ್ರೆ ಪಿವಟ್‌ನ ಗ್ರೂಪಿಂಗ್ ಗೊಡವೆಗೇ ಹೋಗ್ಬೇಡಿ. ತಾರೀಖುಗಳನ್ನ ಸರಿ ಮಾಡಿದ ಕಾಲಮ್ C ಆಗಿದ್ರೆ, ಇನ್ನೊಂದು ಕಾಲಮ್‌ನಲ್ಲಿ ತಿಂಗಳನ್ನ ಟೆಕ್ಸ್ಟ್ ಆಗಿ ತೆಗೆದು ಆ ಕಾಲಮ್‌ನ Rows‌ಗೆ ಹಾಕಿ:

```
=IF(ISNUMBER(C2),TEXT(C2,"yyyy-mm"),"ತಾರೀಖು ಇಲ್ಲ")
```

ವರ್ಷ ಮುಂದಿರೋದ್ರಿಂದ 2024-04, 2024-05 ಅಂತ ಕ್ರಮವಾಗಿ ನಿಲ್ಲುತ್ತೆ, ತಾರೀಖಿಲ್ಲದ ಬಿಲ್‌ಗಳ ಮೊತ್ತ ಕೊನೇಲಿ ಬೇರೆ ಸಾಲಲ್ಲಿ ಎಲ್ಲರಿಗೂ ಕಾಣೋ ಹಾಗೆ ಇರುತ್ತೆ. ಖಾಲಿ, ಟೆಕ್ಸ್ಟ್, ಎರರ್ ಯಾವುದಿದ್ರೂ ಇದು ನಿಲ್ಲಲ್ಲ. ಆದ್ರೆ ತಿರುಗಿದ ತಾರೀಖು ಇದ್ರೆ ಇದಕ್ಕೂ ಗೊತ್ತಾಗಲ್ಲ, ಅದಕ್ಕೆ ಆ ಪರೀಕ್ಷೆ ಮೊದಲು, ಇದು ಆಮೇಲೆ.

ಎಲ್ಲಾ ಸರಿ ಮಾಡಿದ್ರೂ ಪಿವಟ್ ಇನ್ನೂ ಅದೇ ರಾಗ ಹಾಡಿದ್ರೆ ಗಾಬರಿ ಬೇಡ. ಪಿವಟ್ ನಿಮ್ಮ ಶೀಟ್‌ನ ನೇರವಾಗಿ ನೋಡ್ತಿರಲ್ಲ, ತನ್ನದೇ ಒಂದು ನಕಲು ಇಟ್ಕೊಂಡಿರುತ್ತೆ. ಆ ಫೀಲ್ಡ್‌ನ Rows‌ನಿಂದ ಹೊರಗೆಳೆದು, Refresh ಒತ್ತಿ, ಮತ್ತೆ ಒಳಗೆ ಹಾಕಿ. ಅದಕ್ಕೂ ಬಗ್ಗದಿದ್ರೆ Change Data Source ತೆರೆದು ಅದು ಹಳೇ ಕಾಲಮ್‌ಗೇ ಅಂಟ್ಕೊಂಡಿದೆಯಾ ನೋಡಿ, ಇಲ್ಲಾ ಹೊಸ ಪಿವಟ್ ಮಾಡಿ, ಎರಡು ನಿಮಿಷದ ಕೆಲಸ.

ಗ್ರೂಪ್ ಆದ್ಮೇಲೆ Months ಒಂದನ್ನೇ ಆರಿಸ್ಬೇಡಿ, Years‌ನೂ ಜೊತೆಗೆ ಆರಿಸಿ, ಇಲ್ಲಾಂದ್ರೆ ಮುಂದಿನ ವರ್ಷದ ಏಪ್ರಿಲ್ ಸೇರಿದಾಗ ಎರಡೂ ಏಪ್ರಿಲ್ ಕೂಡಿ ಒಂದಾಗುತ್ತೆ. Quarters ಕೊಟ್ರೆ ನಿಮ್ಮ ಏಪ್ರಿಲ್-ಜೂನ್ Qtr2 ಅಂತ ಬರುತ್ತೆ, ಎಕ್ಸೆಲ್‌ಗೆ ವರ್ಷ ಜನವರೀಲಿ ಶುರು, ನಮ್ಮ ಹಣಕಾಸು ವರ್ಷ ಅದಕ್ಕೆ ಗೊತ್ತಿಲ್ಲ, ಪಿವಟ್ ಒಳಗೆ ಅದನ್ನ ಬದಲಾಯಿಸೋ ಸೆಟ್ಟಿಂಗೂ ಇಲ್ಲ. ಮಾಲೀಕರಿಗೆ ಅದು Q1 ಅಂತಲೇ ಬೇಕು ಅಂದ್ರೆ ಇನ್ನೊಂದು ಕಾಲಮ್ ಸೇರಿಸಿ ಅದರಿಂದ ಪಿವಟ್ ಮಾಡಿ:

```
=YEAR(EDATE(C2,-3))&" Q"&INT(MOD(MONTH(C2)-4,12)/3)+1
```

2024ರ ಏಪ್ರಿಲ್ 3ಕ್ಕೆ ಇದು 2024 Q1 ಕೊಡುತ್ತೆ, 2025ರ ಮಾರ್ಚ್ 31ಕ್ಕೆ 2024 Q4. C2 ಖಾಲಿ ಇರೋ ಸಾಲಲ್ಲಿ ಇದನ್ನ ಬಿಡ್ಬೇಡಿ, ಎಕ್ಸೆಲ್ ಖಾಲಿಯನ್ನ 0 ಅಂತ ತಗೊಂಡು #NUM! ಅನ್ನುತ್ತೆ, ಹಾಗಾಗಿ ಮೇಲಿನ ಥರ ISNUMBER ಪರೀಕ್ಷೆ ಸುತ್ತ ಹಾಕ್ಕೊಂಡೇ ಕೆಳಗೆ ಎಳೀರಿ.